ಕೊನೆಗೆ ಬಂದ ಮೇಲ್ ಕೊನೆಯ ಮಾತಲ್ಲ

ಮೇಲ್ ಮಾತುಕತೆಯೊಂದು ಮೂವತ್ತು ಉತ್ತರ ದಾಟಿತೆಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಂತೂ ಏನು ತೀರ್ಮಾನ ಆಯ್ತು?" ಆಗ ಹೆಚ್ಚಿನವರು ಕೊನೆಗೆ ಬಂದ ಮೇಲ್ ತೆರೆದು, ಅದರಲ್ಲಿದ್ದದ್ದನ್ನೇ ತೀರ್ಮಾನವೆಂದು ಒಪ್ಪಿಸಿಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಒಂದು ಅಪಾರ್ಟ್‌ಮೆಂಟಿನ ಸಂಘ ಕಟ್ಟಡಕ್ಕೆ ಬಣ್ಣ ಹೊಡೆಸಲು ಹೊರಟಿದೆ ಎಂದಿಟ್ಟುಕೊಳ್ಳಿ. ಫೆಬ್ರವರಿ 3ರಂದು ಕಾರ್ಯದರ್ಶಿ ಎರಡು ಕೊಟೇಶನ್ ಲಗತ್ತಿಸಿ ಸಮಿತಿಯವರಿಗೆಲ್ಲ ಮೇಲ್ ಕಳಿಸುತ್ತಾರೆ. ಮೊದಲ ಗುತ್ತಿಗೆದಾರರದು 6,80,000 ರೂಪಾಯಿ. ಎರಡನೆಯವರದು 7,40,000, ಆದರೆ ತಾರಸಿಯ ವಾಟರ್‌ಪ್ರೂಫಿಂಗ್ ಸೇರಿ. 9ರಂದು ಅಧ್ಯಕ್ಷರು "ಎರಡನೆಯವರಿಗೇ ಕೊಡೋಣ" ಅನ್ನುತ್ತಾರೆ. ಮರುದಿನ ಖಜಾಂಚಿ ಕೊಟೇಶನ್ನಿನ ಕೆಳಗಿನ ಸಣ್ಣಕ್ಷರ ಓದಿ, ಆ ಮೊತ್ತಕ್ಕೆ ಶೇ. 18 ಜಿಎಸ್‌ಟಿ ಸೇರಿಲ್ಲ, ಸೇರಿಸಿದರೆ 8,73,200 ಆಗುತ್ತದೆ ಎಂದು ಬರೆಯುತ್ತಾರೆ. 11ರಂದು ಅವರೇ ಚೌಕಾಸಿ ಮಾಡಿ, ಎಲ್ಲ ಸೇರಿ 8,00,000ಕ್ಕೆ ಒಪ್ಪಿಸಿದ್ದಾಗಿ ತಿಳಿಸುತ್ತಾರೆ. 12ರಂದು ಅಧ್ಯಕ್ಷರು ಕಾರ್ಯದರ್ಶಿ ಮತ್ತು ಖಜಾಂಚಿಗೆ ಮಾತ್ರ ಉತ್ತರಿಸುತ್ತಾರೆ: "ಆಗಲಿ. ಆದರೆ ತಾರಸಿಗೆ ಐದು ವರ್ಷದ ಗ್ಯಾರಂಟಿ ಲಿಖಿತವಾಗಿ ಕೊಡಬೇಕು." 13ರಂದು ಊರಿಂದ ವಾಪಸಾದ ಸದಸ್ಯರೊಬ್ಬರು "ನನ್ನ ಒಪ್ಪಿಗೆ ಇದೆ" ಎಂದು ಎಲ್ಲರಿಗೂ ಬರೆಯುತ್ತಾರೆ. ಮಾತುಕತೆಯ ಕೊನೆಯ ಮೇಲ್ ಅದೇ.

ಒಪ್ಪಿಗೆ ಯಾವುದಕ್ಕೆ? ಮೇಲ್‌ನ ಕೆಳಗಿರುವ ಮೂರು ಚುಕ್ಕಿ ಒತ್ತಿದರೆ ಅವರು ಯಾವ ಮೇಲ್‌ಗೆ ಉತ್ತರಿಸಿದ್ದಾರೆ ಎಂಬುದು ಬಿಚ್ಚಿಕೊಳ್ಳುತ್ತದೆ. ಇಲ್ಲಿ ಅದು 9ರ ಮೇಲ್. ಅಂದರೆ ಆ ಸದಸ್ಯರು ಒಪ್ಪಿದ್ದು 7,40,000ಕ್ಕೆ. 8,00,000ದ ಸುದ್ದಿ ಅವರ ಕಣ್ಣಿಗೆ ಬಿದ್ದಿರಲಿಕ್ಕೂ ಇಲ್ಲ. ಜಿಮೇಲ್ ಮೇಲ್‌ಗಳನ್ನು ಬಂದ ಹೊತ್ತಿನ ಪ್ರಕಾರ ಒಂದರ ಕೆಳಗೊಂದು ಜೋಡಿಸುತ್ತದೆ, ಯಾವುದು ಯಾವುದಕ್ಕೆ ಉತ್ತರ ಎಂದು ಬಿಡಿಸಿ ತೋರಿಸುವುದಿಲ್ಲ. ಹಾಗಾಗಿ "ಸರಿ", "ಓಕೆ", "ನನ್ನದೂ ಅದೇ ಅಭಿಪ್ರಾಯ" ಎಂಬ ಒಂದೊಂದು ಸಾಲಿನ ಉತ್ತರ ಕಂಡಾಗಲೆಲ್ಲ ಆ ಚುಕ್ಕಿಗಳನ್ನು ಒತ್ತಿ ನೋಡಲೇಬೇಕು. ಉದ್ದುದ್ದ ಬರೆದವರಿಂದ ಈ ತೊಂದರೆ ಕಡಿಮೆ. ಚುಟುಕಾಗಿ ಬರೆದವರಿಂದಲೇ ಹೆಚ್ಚು.

ಸಾರಾಂಶ ಬರೆಯಲು ಕೂತವರು "ಯಾರು ಏನಂದರು" ಎಂದು ಮೊದಲಿಂದ ಒಪ್ಪಿಸುತ್ತಾ ಹೋದರೆ ಅದು ಇನ್ನೊಂದು ಉದ್ದನೆಯ ಮೇಲ್ ಆಗುತ್ತದೆ, ಅಷ್ಟೆ. ಅದಕ್ಕಿಂತ ಮೊದಲ ಮೇಲ್‌ನಲ್ಲಿದ್ದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಲ್ಲಿ ಮೂರೇ ಇವೆ: ಕೆಲಸ ಯಾರಿಗೆ, ಎಷ್ಟಕ್ಕೆ, ಯಾವಾಗಿಂದ. ಆಮೇಲೆ ಹಳೆಯದರಿಂದ ಹೊಸದಕ್ಕೆ ಓದುತ್ತಾ ಬನ್ನಿ. ಇವುಗಳಲ್ಲೊಂದಕ್ಕೆ ಉತ್ತರ ಕೊಟ್ಟ ಅಥವಾ ಹಿಂದಿನ ಉತ್ತರವನ್ನು ಬದಲಿಸಿದ ಮೇಲ್ ಸಿಕ್ಕರೆ ತಾರೀಖಿನ ಸಮೇತ ಆ ಪ್ರಶ್ನೆಯ ಕೆಳಗೆ ಗುರುತು ಹಾಕಿ, ಹಳೆಯದನ್ನು ಹೊಡೆದುಹಾಕಿ. ಗೋಡೆಗೆ ತಿಳಿ ಹಳದಿಯೋ ಬೂದಿಯೋ ಎಂಬ ಹನ್ನೆರಡು ಮೇಲ್‌ಗಳ ಜಗಳ ಹಾಳೆಗೆ ಇಳಿಯುವುದೇ ಇಲ್ಲ. ಓದಲು ರಂಜನೀಯ, ನಿಜ, ಆದರೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಹೀಗೆ ಮಾಡಿದಾಗ ಮೂರನೆಯ ಪ್ರಶ್ನೆಯ ಜಾಗ ಹೆಚ್ಚುಕಡಿಮೆ ಖಾಲಿ ಉಳಿಯುತ್ತದೆ. "ಯುಗಾದಿ ಕಳೆದ ಮೇಲೆ ಶುರು ಮಾಡಿಸೋಣ" ಎಂದು ಒಬ್ಬರು ಬರೆದಿದ್ದರು. ಯಾರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಓದಿದವರಿಗೆ ಅದು ಇತ್ಯರ್ಥವಾದಂತೆ ಅನಿಸುತ್ತದೆ. ಆದರೆ ಅದಿನ್ನೂ ಒಬ್ಬರ ಸಲಹೆ ಮಾತ್ರ, ಸಾರಾಂಶದಲ್ಲೂ ಹಾಗೆಂದೇ ಬರೆಯಬೇಕು.

ಅಧ್ಯಕ್ಷರ 12ರ ಮೇಲ್ ಇನ್ನೂ ಸೂಕ್ಷ್ಮ. ಅದು ಎಲ್ಲರಿಗೂ ಹೋಗಿಲ್ಲ, ಹೋಗದಿದ್ದದ್ದು ಕೈತಪ್ಪೋ ಉದ್ದೇಶವೋ ಗೊತ್ತಿಲ್ಲ. ಅವರನ್ನೊಂದು ಮಾತು ಕೇಳದೆ ಎಲ್ಲರ ಮುಂದಿಡುವುದು ಸರಿಯಲ್ಲ. ಒಂದು ಫೋನ್ ಸಾಕು. ಇನ್ನು ಅದರಲ್ಲಿರುವುದು ಷರತ್ತಿನ ಒಪ್ಪಿಗೆ. "ಅಧ್ಯಕ್ಷರು ಒಪ್ಪಿದ್ದಾರೆ" ಎಂದಷ್ಟೇ ಬರೆದರೆ ಗ್ಯಾರಂಟಿಯ ಮಾತು ಬಿದ್ದುಹೋಗುತ್ತದೆ. ಮಳೆಗಾಲದಲ್ಲಿ ತಾರಸಿ ಸೋರಿದ ದಿನ ಎಲ್ಲರಿಗೂ ಅದು ನೆನಪಾಗುತ್ತದೆ.

ಇಷ್ಟಾದ ಮೇಲೆ ಬರೆಯಬೇಕಾದ್ದು ಕೆಲವೇ ಸಾಲು:

"ಫೆಬ್ರವರಿ 14ರ ಸ್ಥಿತಿ: ಕೆಲಸ ಎರಡನೆಯ ಗುತ್ತಿಗೆದಾರರಿಗೆ, ಜಿಎಸ್‌ಟಿ ಮತ್ತು ವಾಟರ್‌ಪ್ರೂಫಿಂಗ್ ಸೇರಿ 8,00,000 ರೂ. (ಹಿಂದಿನ 7,40,000 ಈಗ ಲೆಕ್ಕಕ್ಕಿಲ್ಲ). ಅಧ್ಯಕ್ಷರ ಷರತ್ತು: ಐದು ವರ್ಷದ ಲಿಖಿತ ಗ್ಯಾರಂಟಿ, ಖಜಾಂಚಿಯವರು 18ರೊಳಗೆ ತರಿಸುತ್ತಾರೆ. ಹಳೆಯ ಮೊತ್ತಕ್ಕೆ ಒಪ್ಪಿಗೆ ಕೊಟ್ಟವರು ಹೊಸ ಮೊತ್ತಕ್ಕೂ ಒಪ್ಪಿಗೆಯೇ ಎಂದು ತಿಳಿಸಿ. ಶುರುವಾಗುವ ದಿನ ತೀರ್ಮಾನವಾಗಿಲ್ಲ. ಯುಗಾದಿಯ ನಂತರ ಎಂಬ ಸಲಹೆ ಇದೆ. ತಪ್ಪು ಕಂಡರೆ 16ರ ಸಂಜೆಯೊಳಗೆ ಹೇಳಿ."

ಇದನ್ನು ಅದೇ ಮಾತುಕತೆಯಲ್ಲಿ, ವಿಷಯದ ಸಾಲು ಬದಲಿಸದೆ ಎಲ್ಲರಿಗೂ ಕಳಿಸಬೇಕು. ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಮಾತುಕತೆಯಾಗಿ ತೋರಿಸುತ್ತದೆ, ಹಳೆಯದನ್ನು ತೆರೆದವರಿಗೆ ಸಿಗುವುದೇ ಇಲ್ಲ. ನಡುವೆ ಯಾರ ವಿಳಾಸವಾದರೂ ಬಿಟ್ಟುಹೋಗಿದೆಯೇ ಎಂದು 3ನೇ ತಾರೀಖಿನ ಮೇಲ್ ಜೊತೆ ತಾಳೆ ನೋಡಿ. ಇನ್ನು 16ರ ಸಂಜೆಯವರೆಗೂ ಯಾರೂ ಮಾತಾಡದಿದ್ದರೆ ಸಾರಾಂಶದಲ್ಲಿ ತಪ್ಪಿಲ್ಲ ಎಂದು ತಿಳಿಯಬಹುದು. ಹೆಚ್ಚಾದ 60,000 ರೂಪಾಯಿಗೆ ಮಾತ್ರ ಮೌನವನ್ನು ಒಪ್ಪಿಗೆಯೆಂದು ಎಣಿಸಬೇಡಿ, ಪ್ರತಿಯೊಬ್ಬರಿಂದಲೂ ಹೌದು ಎಂದು ಬರೆಸಿಕೊಳ್ಳಿ.