ಕುಣಿಯುವ ಮೀಟರ್, ನಿಂತ ವೋಲ್ಟೇಜ್

ಬ್ಯಾಟರಿಯ ವೋಲ್ಟೇಜ್ ಸ್ಥಿರವಾಗಿದ್ದರೂ ಅಗ್ಗದ ಮೀಟರ್ ಪ್ರತಿ ಸಲ ಬೇರೆ ಅಂಕಿ ತೋರಿಸುತ್ತದೆ. ನಿಜವಾದ ಅಂಕಿ ಯಾವುದು? ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ವಿಧಾನದ ಅತಿ ಸರಳ ರೂಪ ಇದಕ್ಕೆ ಸಾಕು. ಹಳೆಯ ಓದುಗಳನ್ನೆಲ್ಲ ಕೂಡಿಡಬೇಕಿಲ್ಲ. ಈಗಿನ ಅಂದಾಜು, ಅದರ ಅನಿಶ್ಚಿತತೆ, ಇವೆರಡೇ ನೆನಪಿದ್ದರೆ ಆಯಿತು.

ಮೊದಲ ಊಹೆ 12.20 ವೋಲ್ಟ್ ಎನ್ನೋಣ. ಊಹೆಯೂ ಮೀಟರೂ ತಲಾ ಸುಮಾರು 0.2 ವೋಲ್ಟ್ ತಪ್ಪಬಹುದು. ಅದರ ವರ್ಗ 0.04, ಲೆಕ್ಕ ನಡೆಯುವುದು ಈ ವರ್ಗದಲ್ಲೇ. ಅಂದಾಜಿನ ಅನಿಶ್ಚಿತತೆ P, ಮೀಟರಿನದು R ಆದರೆ, ಹೊಸ ಓದಿಗೆ ಕೊಡುವ ತೂಕ, ಅಂದರೆ ಗೇನ್:

K = P / (P + R)

ಮೊದಲ ಓದು 12.60. ಗೇನ್ 0.04/0.08, ಅಂದರೆ ಅರ್ಧ. ವ್ಯತ್ಯಾಸ 0.40ರ ಅರ್ಧ ಸೇರಿ ಅಂದಾಜು 12.40 ಆಗುತ್ತದೆ. P ಅನ್ನು (1 − K)ಯಿಂದ ಗುಣಿಸಿದರೆ 0.02.

ಎರಡನೆಯ ಓದು 12.34. ಗೇನ್ 0.02/0.06, ಮೂರರಲ್ಲೊಂದು, ಅಂದಾಜು 12.38ಕ್ಕೆ ಇಳಿಯಿತು, P 0.0133ಕ್ಕೆ. ಮೂರನೆಯದು 12.50: ಗೇನ್ ಕಾಲು, ಅಂದಾಜು 12.41, P 0.01. ಸಂಭವನೀಯ ತಪ್ಪು ಈಗ 0.1 ವೋಲ್ಟ್, ಆರಂಭದ ಅರ್ಧ. ಊಹೆಯನ್ನೂ ಒಂದು ಓದೆಂದು ಎಣಿಸಿ ನಾಲ್ಕರ ಸರಾಸರಿ ತೆಗೆದರೂ ಇದೇ 12.41 ಬರುತ್ತದೆ!

ತೊಡಕೂ ಇಲ್ಲೇ ಇದೆ. ನೂರನೆಯ ಓದಿಗೆ ಗೇನ್ 1/101. ಆಮೇಲೆ ಬ್ಯಾಟರಿ ನಿಜಕ್ಕೂ ಅರ್ಧ ವೋಲ್ಟ್ ಕುಸಿದರೆ, ಮುಂದಿನ ಓದಿನಲ್ಲಿ ಅಂದಾಜು ಅಲುಗುವುದು ಬರೀ 0.005 ವೋಲ್ಟ್. ಓದಿಗೂ ಅಂದಾಜಿಗೂ ನಡುವಿನ ವ್ಯತ್ಯಾಸ ಸತತವಾಗಿ ಒಂದೇ ಕಡೆ ವಾಲುತ್ತಿದ್ದರೆ ಅದೇ ಸುಳಿವು. ಆಗ ಪ್ರತಿ ಹೆಜ್ಜೆಗೆ ಮುನ್ನ Pಗೆ ಒಂದು ಪುಟ್ಟ ಮೊತ್ತ ಸೇರಿಸುತ್ತಾರೆ. ಗೇನ್ ಸೊನ್ನೆಗೆ ಇಳಿಯುವುದಿಲ್ಲ, ಆದರೆ ಅಂದಾಜು ಸ್ವಲ್ಪ ನಡುಗುತ್ತಲೇ ಇರುತ್ತದೆ.