ವಯಸ್ಸೋ, ಕಾಲವೋ, ಓರಗೆಯೋ?

ದಿನಪತ್ರಿಕೆ ಓದುವವರಲ್ಲಿ ಹಿರಿಯರು ಹೆಚ್ಚು, ಯುವಕರು ಕಡಿಮೆ. ಇಷ್ಟನ್ನು ತಿಳಿಯಲು ಸಮೀಕ್ಷೆ ಬೇಕಿಲ್ಲ, ಬೆಳಗಿನ ಹೊತ್ತು ನಾಲ್ಕು ಮನೆಗಳನ್ನು ನೋಡಿದರೆ ಸಾಕು. ಆದರೆ ಹೀಗೇಕೆ ಎಂದು ಕೇಳಿದರೆ ಉತ್ತರ ಒಂದಲ್ಲ, ಮೂರು. ಯಾವುದು ಸರಿ ಎನ್ನುವುದರ ಮೇಲೆ ಪತ್ರಿಕೆಗಳ ಮುಂದಿನ ಇಪ್ಪತ್ತು ವರ್ಷ ನಿಂತಿದೆ.

ಮೊದಲನೆಯ ಉತ್ತರ ವಯಸ್ಸಿನದು. ಇಪ್ಪತ್ತೈದರಲ್ಲಿ ಓಡಾಟವೇ ಹೆಚ್ಚು, ಪತ್ರಿಕೆ ಹಿಡಿದು ಕೂರಲು ಪುರುಸೊತ್ತಿಲ್ಲ. ಮದುವೆ, ಮಕ್ಕಳು, ಸ್ವಂತ ಮನೆ ಎಂದು ಒಂದು ಕಡೆ ನೆಲೆ ನಿಂತ ಮೇಲೆ ಊರಿನ ಸುದ್ದಿಯಲ್ಲಿ ಆಸಕ್ತಿ ಹುಟ್ಟುತ್ತದೆ. ಹಾಗಿದ್ದರೆ ಇಂದಿನ ಯುವಕರೂ ನಾಳೆ ಓದುಗರಾಗುತ್ತಾರೆ. ಎರಡನೆಯದು ಕಾಲದ ಉತ್ತರ. ಟಿವಿ ಬಂತು, ಮೊಬೈಲ್ ಬಂತು, ಎಲ್ಲ ವಯಸ್ಸಿನವರೂ ಪತ್ರಿಕೆಯನ್ನು ಅಷ್ಟಷ್ಟು ಬಿಟ್ಟರು. ಮೂರನೆಯದು ಹುಟ್ಟಿದ ಕಾಲದ ಉತ್ತರ. ಒಂದೇ ಅವಧಿಯಲ್ಲಿ ಹುಟ್ಟಿ ಒಂದೇ ಬಗೆಯ ವಾತಾವರಣದಲ್ಲಿ ಬೆಳೆದ ಓರಗೆಯವರು ಚಿಕ್ಕಂದಿನಲ್ಲಿ ರೂಢಿಸಿಕೊಂಡದ್ದನ್ನು ಬಾಳಿನುದ್ದಕ್ಕೂ ಇಟ್ಟುಕೊಳ್ಳುತ್ತಾರೆ. ಪತ್ರಿಕೆ ಬರುತ್ತಿದ್ದ ಮನೆಯಲ್ಲಿ ಬೆಳೆದವರು ಎಂಬತ್ತರಲ್ಲೂ ಓದುತ್ತಾರೆ, ಇಲ್ಲದೆ ಬೆಳೆದವರು ಐವತ್ತಾದರೂ ಶುರು ಮಾಡುವುದಿಲ್ಲ. ಸಮೀಕ್ಷೆ ಮಾಡುವವರು ಇವನ್ನು ವಯಸ್ಸಿನ ಪರಿಣಾಮ, ಕಾಲದ ಪರಿಣಾಮ ಮತ್ತು ಓರಗೆಯ ಅಥವಾ ಕೊಹಾರ್ಟ್ ಪರಿಣಾಮ ಎನ್ನುತ್ತಾರೆ.

ಒಂದೇ ಒಂದು ಸಮೀಕ್ಷೆಯಿಂದ ಇವನ್ನು ಬೇರ್ಪಡಿಸಲಾಗದು. ಒಂದು ವರ್ಷ ಜನರನ್ನು ಕೇಳಿ, ಮೂವತ್ತರವರಿಗಿಂತ ಎಪ್ಪತ್ತರವರು ಹೆಚ್ಚು ಓದುತ್ತಾರೆ ಎಂದು ಕಂಡರೆ, ಆ ಎಪ್ಪತ್ತರವರು ಹಿರಿಯರೂ ಹೌದು, ನಲವತ್ತು ವರ್ಷ ಮೊದಲು ಹುಟ್ಟಿದವರೂ ಹೌದು. ಅಂತರ ಯಾವುದರಿಂದ ಬಂತೆಂದು ಹೇಳಲು ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ದಶಕಗಟ್ಟಲೆ ಮತ್ತೆ ಮತ್ತೆ ಕೇಳಬೇಕು.

ಅಮೆರಿಕದಲ್ಲಿ ಅಂಥದೊಂದು ಸಮೀಕ್ಷೆ ಇದೆ. ಜನರಲ್ ಸೋಷಿಯಲ್ ಸರ್ವೇ ಎಂಬ ಇದನ್ನು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ಎನ್‌ಓಆರ್‌ಸಿ 1972ರಿಂದ ನಡೆಸುತ್ತಿದೆ. ಮೊದಲು ಹೆಚ್ಚುಕಡಿಮೆ ಪ್ರತಿ ವರ್ಷ ನಡೆಯುತ್ತಿತ್ತು, 1994ರಿಂದ ಎರಡು ವರ್ಷಕ್ಕೊಮ್ಮೆ. ನೀವು ಪತ್ರಿಕೆಯನ್ನು ದಿನಾ ಓದುತ್ತೀರೋ, ವಾರಕ್ಕೆ ಕೆಲವು ಸಲವೋ, ಒಂದು ಸಲವೋ, ಅದಕ್ಕೂ ಕಡಿಮೆಯೋ, ಓದುವುದೇ ಇಲ್ಲವೋ ಎಂಬುದು ಅದರ ಹಳೆಯ ಪ್ರಶ್ನೆಗಳಲ್ಲೊಂದು. 1972ರಲ್ಲಿ ಸುಮಾರು ಮೂರರಲ್ಲಿ ಇಬ್ಬರು ದಿನಾ ಓದುತ್ತೇವೆ ಎಂದಿದ್ದರು. 2008ರ ಹೊತ್ತಿಗೆ ಹಾಗೆನ್ನುವವರು ಮೂರರಲ್ಲಿ ಒಬ್ಬರಾಗಿದ್ದರು.

ಈ ಸಮೀಕ್ಷೆ ಸಾಮಾನ್ಯವಾಗಿ ಪ್ರತಿ ಸಲ ಬೇರೆ ಬೇರೆ ಜನರನ್ನು ಮಾತಾಡಿಸುತ್ತದೆ. ಆದರೂ ಒಂದು ಓರಗೆಯ ಬೆನ್ನು ಹತ್ತಬಹುದು. 1940ರ ದಶಕದಲ್ಲಿ ಹುಟ್ಟಿದವರ ಮಾದರಿಯನ್ನು 1975ರ ಸುತ್ತಿನಿಂದ ಆರಿಸಿ, ಅದೇ ದಶಕದಲ್ಲಿ ಹುಟ್ಟಿದವರನ್ನು 1985ರಿಂದಲೂ 1996ರಿಂದಲೂ ಆರಿಸಿದರೆ, ವ್ಯಕ್ತಿಗಳು ಬೇರೆಯಾದರೂ ಅವರು ಅದೇ ಗುಂಪಿನ ಪ್ರತಿನಿಧಿಗಳು. ಹೀಗೆ ಜೋಡಿಸಿದಾಗ ಕಂಡದ್ದು ಪತ್ರಿಕಾ ಮಾಲೀಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹುಟ್ಟಿದವರು ಮುಪ್ಪಿನಲ್ಲೂ ಓದು ಬಿಡಲಿಲ್ಲ. ಯುದ್ಧಾನಂತರ ಹುಟ್ಟಿದವರು ನಡುವಯಸ್ಸಿಗೆ ಬಂದರು, ಮನೆ ಮಾಡಿದರು, ಮಕ್ಕಳನ್ನು ಬೆಳೆಸಿದರು, ಆದರೂ ತಂದೆತಾಯಿಯರ ಮಟ್ಟ ಮುಟ್ಟಲಿಲ್ಲ. ಅವರ ನಂತರದವರು ಇನ್ನೂ ಕೆಳಗಿನಿಂದಲೇ ಶುರು ಮಾಡಿದರು. ರಾಬರ್ಟ್ ಪಟ್ನಮ್ 2000ದಲ್ಲಿ ಪ್ರಕಟಿಸಿದ ‘ಬೌಲಿಂಗ್ ಅಲೋನ್’ ಪುಸ್ತಕದಲ್ಲಿ ಈ ಇಳಿತದ ಬಹುಪಾಲನ್ನು ತಲೆಮಾರು ಬದಲಾದುದರ ಲೆಕ್ಕಕ್ಕೆ ಹಾಕಿದರು.

ಜನಸಂಖ್ಯಾಶಾಸ್ತ್ರಜ್ಞ ನಾರ್ಮನ್ ರೈಡರ್ 1965ರ ತಮ್ಮ ಹೆಸರಾಂತ ಲೇಖನದಲ್ಲಿ ವಿವರಿಸಿದ್ದು ಈ ಬಗೆಯ ಬದಲಾವಣೆಯನ್ನೇ. ಯಾರೊಬ್ಬರೂ ತಮ್ಮ ಅಭ್ಯಾಸ ಬದಲಿಸದೆ ಹೋದರೂ ಸಮಾಜ ಬದಲಾಗಬಹುದು. ಓದುವವರು ತೀರಿಕೊಳ್ಳುತ್ತಾರೆ, ಓದದವರು ಪ್ರಾಯಕ್ಕೆ ಬರುತ್ತಾರೆ, ಸರಾಸರಿ ಇಳಿಯುತ್ತದೆ.

ಇಲ್ಲಿಗೆ ಪ್ರಶ್ನೆ ಬಗೆಹರಿಯಿತು ಎನ್ನಿಸಬಹುದು. ಆದರೆ ಈ ಕ್ಷೇತ್ರದ ನಿಜವಾದ ತೊಡಕು ಶುರುವಾಗುವುದೇ ಇಲ್ಲಿ. ಅದನ್ನು ತೋರಿಸಲು ನಾನೇ ಹಾಕಿಕೊಂಡ ಒಂದು ಲೆಕ್ಕ ಇಲ್ಲಿದೆ. ಇವು ಯಾವ ಸಮೀಕ್ಷೆಯ ಅಂಕಿಗಳೂ ಅಲ್ಲ. ನೂರು ಜನರಲ್ಲಿ ದಿನಾ ಪತ್ರಿಕೆ ಓದುವವರು ಎಷ್ಟು ಎಂಬುದು ಹೀಗಿದೆ ಎಂದುಕೊಳ್ಳೋಣ:

| ವಯಸ್ಸು | 1980 | 2000 | 2020 |
|---|---|---|---|
| 30 | 60 | 50 | 40 |
| 50 | 70 | 60 | 50 |
| 70 | 80 | 70 | 60 |

1980ರಲ್ಲಿ 30 ವರ್ಷದವರು 1950ರಲ್ಲಿ ಹುಟ್ಟಿದವರು. 2000ದಲ್ಲಿ ಅವರಿಗೆ 50, 2020ರಲ್ಲಿ 70. ಕೋಷ್ಟಕದಲ್ಲಿ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಓರೆಯಾಗಿ ನಡೆದರೆ ಅವರ ಜೀವನ ಸಿಗುತ್ತದೆ: 60, 60, 60. ಒಂದಿಷ್ಟೂ ಕದಲಿಲ್ಲ. ಬೇರೆ ಓರೆ ಸಾಲುಗಳೂ ಹಾಗೆಯೇ ಇವೆ. ಪ್ರತಿ ಓರಗೆ ತನ್ನ ಅಭ್ಯಾಸಕ್ಕೆ ಅಂಟಿಕೊಂಡಿದೆ, ಇಪ್ಪತ್ತು ವರ್ಷ ತಡವಾಗಿ ಹುಟ್ಟಿದವರಲ್ಲಿ ಓದುಗರು ಹತ್ತು ಕಡಿಮೆ. ಇದು ಪೂರ್ತಿಯಾಗಿ ಓರಗೆಯ ಕತೆ.

ಈಗ ಇದೇ ಕೋಷ್ಟಕವನ್ನು ಬೇರೆ ಕತೆಯಿಂದ ಕಟ್ಟಿ ನೋಡಿ. ಓರಗೆಗಳ ನಡುವೆ ವ್ಯತ್ಯಾಸವೇ ಇಲ್ಲ. ವಯಸ್ಸು ಇಪ್ಪತ್ತು ವರ್ಷ ಏರಿದಂತೆ ನೂರಕ್ಕೆ ಹತ್ತು ಓದುಗರು ಹೆಚ್ಚುತ್ತಾರೆ, ಕಾಲ ಇಪ್ಪತ್ತು ವರ್ಷ ಸರಿದಂತೆ ಎಲ್ಲ ವಯಸ್ಸಿನಲ್ಲೂ ಹತ್ತು ಕಡಿಮೆಯಾಗುತ್ತಾರೆ. 1980ರ ಮೂವತ್ತರವರನ್ನು 60 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಒಂಬತ್ತು ಅಂಕಿಗಳೂ ಮೇಲಿನಂತೆಯೇ ಬರುತ್ತವೆ. 1950ರವರ 60, 60, 60ಕ್ಕೆ ಈಗ ಅರ್ಥವೇ ಬೇರೆ. ಅವರು ಬದಲಾಗದೆ ಉಳಿದದ್ದಲ್ಲ, ವಯಸ್ಸು ಮೇಲೆತ್ತಿದಷ್ಟನ್ನೇ ಕಾಲ ಕೆಳಗೆಳೆದಿದೆ.

ಎರಡು ಕತೆಗಳೂ ಈವರೆಗಿನದನ್ನು ಒಂದೇ ರೀತಿ ಹೇಳುತ್ತವೆ, ಮುಂದಿನದನ್ನು ಮಾತ್ರ ಬೇರೆ ಬೇರೆಯಾಗಿ ಹೇಳುತ್ತವೆ. ಮೊದಲನೆಯದು ನಿಜವಾದರೆ 2020ರ ಮೂವತ್ತರವರು 2040ರಲ್ಲೂ 40ರಲ್ಲೇ ಇರುತ್ತಾರೆ. ಎರಡನೆಯದು ನಿಜವಾಗಿ, ಕಾಲದ ಎಳೆತ 2020ಕ್ಕೆ ನಿಂತುಹೋದರೆ, ಅವರು ಐವತ್ತಾಗುವಾಗ 50ಕ್ಕೆ ಏರುತ್ತಾರೆ. ಹೊಸ ಮುದ್ರಣ ಯಂತ್ರ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವ ಮಾಲೀಕರಿಗೆ ಇದು ಸಣ್ಣ ಅಂತರವಲ್ಲ.

ಇಂಥ ಇಬ್ಬಗೆ ಹುಟ್ಟುವುದು ಸರಳ ಕಾರಣಕ್ಕೆ. ಸಮೀಕ್ಷೆಯ ವರ್ಷದಲ್ಲಿ ಹುಟ್ಟಿದ ವರ್ಷವನ್ನು ಕಳೆದರೆ ವಯಸ್ಸು ಬರುತ್ತದೆ. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುತ್ತದೆ. ಒಂದನ್ನು ಕದಲಿಸದೆ ಇಟ್ಟು ಉಳಿದೆರಡರಲ್ಲಿ ಒಂದನ್ನು ಮಾತ್ರ ಬದಲಿಸಲು ಆಗುವುದೇ ಇಲ್ಲ. ಒಂದೇ ಹದದಲ್ಲಿ ಏರುವ ಅಥವಾ ಇಳಿಯುವ ಪ್ರವೃತ್ತಿಯನ್ನು ಈ ಮೂರರ ನಡುವೆ ಹಲವು ಬಗೆಯಲ್ಲಿ ಹಂಚಿದರೂ ಅಂಕಿಗಳು ಒಪ್ಪುತ್ತವೆ. ಎಷ್ಟೇ ದೊಡ್ಡ ಮಾದರಿಯಾಗಲಿ, ಎಷ್ಟೇ ಒಳ್ಳೆಯ ಕಂಪ್ಯೂಟರ್ ಆಗಲಿ, ಈ ಕೊರತೆಯನ್ನು ತುಂಬಲಾರದು. ತುಂಬಿದೆ ಎನ್ನುವ ಲೆಕ್ಕಾಚಾರಗಳ ಒಳಗೆ ಎಲ್ಲೋ ಒಂದು ಊಹೆ ಕೂತಿರುತ್ತದೆ.

ಹಾಗಾದರೆ ಬಲ್ಲವರು ಏನು ಮಾಡುತ್ತಾರೆ? ಮೊದಲು, ನೇರ ಗೆರೆಯನ್ನು ಬಿಟ್ಟು ತಿರುವುಗಳನ್ನು ಹುಡುಕುತ್ತಾರೆ. ಯಾವುದೋ ಒಂದು ವರ್ಷ ಎಲ್ಲ ವಯಸ್ಸಿನವರಲ್ಲೂ ಓದು ಒಮ್ಮೆಲೇ ಕುಸಿದಿದ್ದರೆ ಅದು ಕಾಲದ ಪೆಟ್ಟು. 2020ರ ಲಾಕ್‌ಡೌನ್‌ನಲ್ಲಿ ನಮ್ಮಲ್ಲಿ ಅನೇಕ ಮನೆಗಳು ಪತ್ರಿಕೆ ತರಿಸುವುದನ್ನು ನಿಲ್ಲಿಸಿದ್ದು ಇಂಥದ್ದು, ಅದರಲ್ಲಿ ಅಜ್ಜ ಮೊಮ್ಮಗ ಎಂಬ ಭೇದವಿರಲಿಲ್ಲ. ಒಂದು ಓರಗೆ ಮಾತ್ರ ತನ್ನ ಹಿಂದಿನವರಿಂದಲೂ ಮುಂದಿನವರಿಂದಲೂ ಎದ್ದು ಕಾಣುವಂತೆ ಬೇರೆಯಾಗಿದ್ದರೆ ಅದೂ ಅಡಗುವುದಿಲ್ಲ.

ಎರಡನೆಯದಾಗಿ, ಅಂಕಿಗಳ ಹೊರಗಿನ ತಿಳಿವಳಿಕೆಯನ್ನು ತರುತ್ತಾರೆ, ತಂದದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ನಮ್ಮ ಜನಗಣತಿಯ ಸಾಕ್ಷರತೆಯನ್ನು ನೋಡಿ. ಹಿರಿಯರಲ್ಲಿ ಸಾಕ್ಷರರು ಕಡಿಮೆ, ಕಿರಿಯರಲ್ಲಿ ಹೆಚ್ಚು. ವಯಸ್ಸಾದಂತೆ ಜನ ಅಕ್ಷರ ಮರೆಯುತ್ತಾರೆ ಎಂದು ಯಾರೂ ಇದನ್ನು ಓದುವುದಿಲ್ಲ. ಓದುಬರಹ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಬರುತ್ತದೆ, ಆಮೇಲೆ ಹೆಚ್ಚು ಬದಲಾಗದು ಎಂದು ಗೊತ್ತಿರುವುದರಿಂದ ಇದನ್ನು ಓರಗೆಯ ಪರಿಣಾಮ ಎನ್ನುತ್ತೇವೆ. ಆದರೆ ಈ ನಂಬಿಕೆಗೂ ಮಿತಿಯಿದೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅನೇಕ ವಯಸ್ಕರು ರಾತ್ರಿ ತರಗತಿಗಳಲ್ಲಿ ಅಕ್ಷರ ಕಲಿತರು. ಆ ಅವಧಿಗೆ ವಯಸ್ಕರಾದ ಮೇಲೆ ಬದಲಾವಣೆ ಇಲ್ಲ ಎಂಬ ಊಹೆಯನ್ನು ಕಣ್ಣುಮುಚ್ಚಿ ಹಚ್ಚುವಂತಿಲ್ಲ.

ಊಹೆ ಸರಿಯಿದ್ದರೂ ಅಂಕಿಗಳೇ ದಾರಿ ತಪ್ಪಿಸುವುದುಂಟು. ಓದುಬರಹ ಬಲ್ಲವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಆದ್ದರಿಂದ ಒಂದು ಓರಗೆ ಎಪ್ಪತ್ತು ದಾಟಿದಾಗ ಉಳಿದವರಲ್ಲಿ ಓದುಗರ ಪಾಲು ತಾನಾಗಿ ಏರಬಹುದು. ಯಾರೂ ಹೊಸದಾಗಿ ಓದಲು ತೊಡಗಿಲ್ಲ, ಓದದವರು ಮೊದಲು ತೀರಿಕೊಂಡಿದ್ದಾರೆ, ನೋಡುವವರಿಗೆ ಅದು ವಯಸ್ಸಿನ ಪರಿಣಾಮದಂತೆ ಕಾಣುತ್ತದೆ. ಪ್ರಶ್ನೆಯ ಅರ್ಥವೂ ಸದ್ದಿಲ್ಲದೆ ಬದಲಾಗುತ್ತದೆ. 1972ರಲ್ಲಿ ಪತ್ರಿಕೆ ಎಂದರೆ ಕಾಗದ. ಇಂದು ಫೋನಿನಲ್ಲಿ ಅದೇ ಪತ್ರಿಕೆಯ ಸುದ್ದಿ ಓದುವವರು ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ? ಕೇಳುವ ಬಗೆಯೂ ಬದಲಾಗುತ್ತದೆ. ಕೋವಿಡ್ ಕಾರಣದಿಂದ 2021ರ ಸುತ್ತಿನಲ್ಲಿ ಅಮೆರಿಕದ ಆ ಸಮೀಕ್ಷೆ ಮನೆಮನೆಗೆ ಹೋಗುವುದನ್ನು ಬಿಟ್ಟು ಬಹುತೇಕ ಅಂತರ್ಜಾಲದಲ್ಲಿ ನಡೆಯಿತು. ಆ ವರ್ಷ ಕಂಡ ಯಾವುದೇ ಹಠಾತ್ ಬದಲಾವಣೆಯನ್ನು ಜನರ ಬದಲಾವಣೆ ಎನ್ನುವ ಮೊದಲು ಕೇಳಿದ ರೀತಿಯನ್ನು ನೋಡಬೇಕು.

ಸಣ್ಣ ಗುಂಪುಗಳ ತೊಂದರೆ ಬೇರೆ. ಸಾವಿರದ ಐನೂರು ಜನರ ಮಾದರಿಯನ್ನು ಹತ್ತು ಓರಗೆಗಳಾಗಿ ಹಂಚಿದರೆ ಒಂದೊಂದರಲ್ಲಿ ನೂರೈವತ್ತು ಜನ. ಅಷ್ಟು ಜನರಿಂದ ಬಂದ ಶೇಕಡಾವಾರು ಬರೀ ಆಕಸ್ಮಿಕದಿಂದಲೇ ಎಂಟು ಅಂಶ ಮೇಲೆ ಕೆಳಗೆ ಇರಬಹುದು. ಒಂದು ಸುತ್ತಿನಿಂದ ಇನ್ನೊಂದಕ್ಕೆ ಐದು ಅಂಶ ಇಳಿದದ್ದಕ್ಕೆ ಕಾರಣ ಹುಡುಕುತ್ತ ಹೋಗುವುದು ವ್ಯರ್ಥ. ಹಲವು ಸುತ್ತುಗಳನ್ನು ಒಟ್ಟು ಸೇರಿಸಿ ನೋಡಬೇಕಾಗುತ್ತದೆ.

ಈಗಿನ ಯುವಕರು ಮತ ಹಾಕುವುದಿಲ್ಲ, ಉಳಿತಾಯ ಮಾಡುವುದಿಲ್ಲ, ದೇವರನ್ನು ನಂಬುವುದಿಲ್ಲ ಎಂಬ ಸುದ್ದಿಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಒಂದೇ ವರ್ಷದ ಒಂದೇ ಸಮೀಕ್ಷೆಯನ್ನು ನೆಚ್ಚಿಕೊಂಡಿರುತ್ತವೆ. ಅಂಥ ಸುದ್ದಿ ಕಂಡಾಗ, ಇದೇ ಪ್ರಶ್ನೆಗೆ ಈಗಿನ ಐವತ್ತರವರು ತಮ್ಮ ಇಪ್ಪತ್ತೈದರಲ್ಲಿ ಏನೆಂದಿದ್ದರು ಎಂಬುದು ಅಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಸುದ್ದಿಯಿಂದ ತಿಳಿಯುವುದು ಇಂದು ಕಿರಿಯರೂ ಹಿರಿಯರೂ ಬೇರೆಯಾಗಿದ್ದಾರೆ ಎಂಬಷ್ಟೇ. ಇದ್ದರೆ, ಬದಲಾವಣೆಯನ್ನು ವಯಸ್ಸು, ಕಾಲ, ಓರಗೆಗಳಿಗೆ ಹಂಚುವಾಗ ಬರೆದವರು ಯಾವ ಊಹೆಯ ಮೇಲೆ ನಿಂತಿದ್ದಾರೆ ಎಂದು ಕೇಳಿ. ಅದನ್ನು ತೆರೆದು ಹೇಳಿದ ಬರಹದೊಂದಿಗೆ ವಾದ ಮಾಡಬಹುದು, ಒಪ್ಪಲೂಬಹುದು. ಹೇಳದೆ ಬಿಟ್ಟ ಬರಹದ ಭವಿಷ್ಯವಾಣಿಯನ್ನು ಮಾತ್ರ ನೆಚ್ಚಬೇಡಿ.