ಅರ್ಧ ಲೀಟರೋ, ಸೊನ್ನೆಯೋ? ಯೂರಿನಲ್ ಹಾಕಿಸುವ ಮುಂಚೆ ಒಂದು ಲೆಕ್ಕ

ಆರ್.ಟಿ. ನಗರದಲ್ಲಿ ಮೂವತ್ತು ಹುಡುಗರಿರುವ ಒಂದು ಪಿ.ಜಿ. ಇದೆ ಎಂದುಕೊಳ್ಳಿ. ಹಗಲೆಲ್ಲ ಆಫೀಸಿನಲ್ಲಿದ್ದರೂ ಒಬ್ಬೊಬ್ಬರು ದಿನಕ್ಕೆ ಮೂರು ಸಲ ಇಲ್ಲಿ ಮೂತ್ರಕ್ಕೆ ಹೋದರೆ ತೊಂಬತ್ತು ಸಲವಾಯಿತು. ಪ್ರತಿ ಸಲವೂ ಕಮೋಡಿನ ಆರು ಲೀಟರ್ ಫ್ಲಶ್ ಒತ್ತಿದರೆ 540 ಲೀಟರ್, ತಿಂಗಳಿಗೆ 16,200. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ಹತ್ತಿರಹತ್ತಿರ ಎರಡು ಮುಕ್ಕಾಲು. ಅರ್ಧ ಲೀಟರ್ ಫ್ಲಶ್ಶಿನ ಯೂರಿನಲ್ ಇದ್ದರೆ ಅದೇ ತೊಂಬತ್ತು ಸಲಕ್ಕೆ ತಿಂಗಳಿಗೆ 1,350 ಲೀಟರ್ ಸಾಕು. ನೀರೇ ಬೇಡದ ಯೂರಿನಲ್ಲಿಗೆ ತೊಳೆಯುವ ನೀರು ಬಿಟ್ಟರೆ ಸೊನ್ನೆ.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೀರು ಉಳಿಯುವುದು ಬಹುಪಾಲು ಕಮೋಡ್ ಬಿಟ್ಟು ಯೂರಿನಲ್ಲಿಗೆ ಬಂದಾಗಲೇ. ಅರ್ಧ ಲೀಟರಿನಿಂದ ಸೊನ್ನೆಗೆ ಇಳಿದರೆ ಸಿಗುವುದು ತಿಂಗಳಿಗೆ ಕಾಲು ಟ್ಯಾಂಕರಿಗೂ ಕಡಿಮೆ. ಹಾಗಿದ್ದರೆ ನೀರಿಲ್ಲದ ಯೂರಿನಲ್ ಯಾರಿಗೆ ಬೇಕು? ಉತ್ತರ ನಿಮ್ಮ ಸಂಪಿನಲ್ಲಿ ಎಂಥ ನೀರಿದೆ ಎಂಬುದರ ಮೇಲಿದೆ.

ಮೈಯಿಂದ ಹೊರಬಂದ ಮೂತ್ರಕ್ಕೆ ಅಂಥ ವಾಸನೆ ಇರುವುದಿಲ್ಲ. ಪೈಪಿನೊಳಗೆ ನೆಲೆಯೂರಿದ ಬ್ಯಾಕ್ಟೀರಿಯಾ ಅದರಲ್ಲಿನ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಹೊಡೆಯುವುದು ಅದು. ಅಮೋನಿಯಾ ಆದಂತೆಲ್ಲ ದ್ರವ ಕ್ಷಾರವಾಗುತ್ತದೆ, ಸುಮಾರು 6 ಇದ್ದ ಪಿಎಚ್ 9ರ ಹತ್ತಿರ ಹೋಗುತ್ತದೆ. ಆಗ ಅದರಲ್ಲಿ ಕರಗಿದ್ದ ರಂಜಕ, ಕ್ಯಾಲ್ಸಿಯಂ, ಮೆಗ್ನೀಸಿಯಂ ಒಟ್ಟುಗೂಡಿ ಉಪ್ಪಿನ ಹರಳಾಗಿ ಪೈಪಿಗೆ ಅಂಟುತ್ತವೆ. ಹರಳಿನ ಒರಟು ಮೈ ಬ್ಯಾಕ್ಟೀರಿಯಾಗಳಿಗೆ ಇನ್ನೂ ಒಳ್ಳೆಯ ಮನೆ. ಹೀಗೆ ವಾಸನೆಯೂ ಬ್ಲಾಕೂ ಜೊತೆಯಾಗಿಯೇ ಬೆಳೆಯುತ್ತವೆ.

ಮೂತ್ರದಲ್ಲಿ ಮೆಗ್ನೀಸಿಯಂ ಕಡಿಮೆ, ಹಾಗಾಗಿ ಅದು ತಾನೊಂದೇ ಕಟ್ಟುವ ಹರಳಿಗೆ ಒಂದು ಮಿತಿ ಇದೆ. ಯಲಹಂಕ, ಹೆಬ್ಬಾಳದ ಕಡೆಯ ಎಷ್ಟೋ ಮನೆಗಳಲ್ಲಿ ಬಕೆಟ್ಟಿನ ಒಳಮೈಗೆ ಬಿಳಿ ಪೊರೆ ಕಟ್ಟಿಸುವ ಗಡಸು ಬೋರ್ ನೀರು ಆ ಮಿತಿಯನ್ನು ದಾಟಿಸುತ್ತದೆ, ಏಕೆಂದರೆ ಅದರ ತುಂಬ ಕ್ಯಾಲ್ಸಿಯಂ, ಮೆಗ್ನೀಸಿಯಂ. ಧಾರಾಳವಾಗಿ ಸುರಿದರೆ ಎಲ್ಲವೂ ಕೊಚ್ಚಿ ಹೋಗುತ್ತದೆ. ಉಳಿತಾಯವೆಂದು ಚೂರುಚೂರೇ ಬಿಟ್ಟರೆ ಹರಳಿಗೆ ಬೇಕಾದ ಸಾಮಾನು ಒದಗಿಸಿ, ಕೊಚ್ಚಿಹೋಗಲು ಬೇಕಾದ ರಭಸ ಕೊಡದೆ ಬಿಟ್ಟಂತೆ. ಅಡುಗೆಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಹಿಡಿದಿಟ್ಟು ಯೂರಿನಲ್ಲಿಗೆ ಬಳಸುವವರೂ ಇದ್ದಾರೆ. ಅದು ಬೋರ್ ನೀರಿಗಿಂತಲೂ ಗಡಸು. ನೆಲ ಒರೆಸಲು, ಕಮೋಡಿಗೆ ಸುರಿಯಲು ಸರಿ, ಇಲ್ಲಿಗೆ ಬೇಡ.

ಇದಕ್ಕೆ ತಕ್ಕದ್ದು ಮಳೆನೀರು, ಇಲ್ಲವೇ ಸಾಫ್ಟ್‌ನರ್ ದಾಟಿ ಬಂದ ನೀರು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ಆ ತೊಟ್ಟಿಯಿಂದ ಯೂರಿನಲ್ಲಿಗೆ ಒಂದು ಲೈನ್ ಎಳೆದರೆ ಅರ್ಧ ಲೀಟರ್ ಫ್ಲಶ್ ತೊಂದರೆಯಿಲ್ಲದೆ ನಡೆಯುತ್ತದೆ. ಐದಾರು ಗಂಡಸರಿರುವ ಕೂಡುಕುಟುಂಬಕ್ಕೆ ನನ್ನ ಓಟು ಇದಕ್ಕೇ. ಬೋರ್ ಮತ್ತು ಟ್ಯಾಂಕರ್ ನೀರು ಬಿಟ್ಟು ಬೇರೆ ಗತಿಯಿಲ್ಲದ ಪಿ.ಜಿ., ವರ್ಕ್‌ಶಾಪ್, ಕಲ್ಯಾಣ ಮಂಟಪಗಳಿಗೆ ನೀರಿಲ್ಲದ ಯೂರಿನಲ್ ಒಳ್ಳೆಯದು, ನೋಡಿಕೊಳ್ಳುವ ಒಬ್ಬ ಮನುಷ್ಯ ಇದ್ದರೆ ಮಾತ್ರ.

ನೀರಿಲ್ಲದ ಯೂರಿನಲ್ಲಿನ ಕೆಲಸವೆಲ್ಲ ನಡೆಯುವುದು ಬೇಸಿನ್ನಿನ ತಳದ ತೂತಿನಲ್ಲಿ. ಮಾಮೂಲಿ ಯೂರಿನಲ್ಲಿನಲ್ಲಿ ಚರಂಡಿಯ ಗಾಳಿಯನ್ನು ತಡೆಯುವುದು ಟ್ರ್ಯಾಪಿನಲ್ಲಿ ನಿಂತ ನೀರು. ಇಲ್ಲಿ ಆ ಕೆಲಸವನ್ನು ಎರಡು ಬಗೆಯಲ್ಲಿ ಮಾಡಿಸುತ್ತಾರೆ. ಒಂದರಲ್ಲಿ ಕಾರ್ಟ್ರಿಜ್ ಒಳಗೆ ಎಣ್ಣೆಯಂಥ ಹಗುರ ದ್ರವ ತೇಲುತ್ತಿರುತ್ತದೆ. ಮೂತ್ರ ಅದರಡಿಗೆ ಇಳಿದು ಹೋಗುತ್ತದೆ, ಮೇಲಿನ ಪದರ ಮುಚ್ಚಳವಾಗಿ ನಿಲ್ಲುತ್ತದೆ. ಇನ್ನೊಂದರಲ್ಲಿ ಸಿಲಿಕೋನಿನ ಚಪ್ಪಟೆ ಕೊಳವೆ: ದ್ರವ ಬಂದಾಗ ಎರಡು ತುಟಿ ಬಿಡುತ್ತವೆ, ಹರಿದು ಹೋದ ಮೇಲೆ ಕೂಡಿಕೊಳ್ಳುತ್ತವೆ.

ಎಣ್ಣೆಯ ಬಗೆ ನಾಜೂಕಿನದು. ಅಭ್ಯಾಸಬಲದಿಂದ ಯಾರಾದರೂ ಒಂದು ಬಕೆಟ್ ನೀರು ಸುರಿದರೆ ಎಣ್ಣೆ ಕೊಚ್ಚಿಹೋಗಿ ಮುಚ್ಚಳವೇ ಇಲ್ಲವಾಗುತ್ತದೆ. ಫಿನಾಯಿಲ್ ಬಿದ್ದರೂ ಪದರ ಕೆಡುತ್ತದೆ. ನಮ್ಮಲ್ಲಿ ಕ್ಲೀನಿಂಗಿನವರ ಕೈಯಲ್ಲಿ ಬಕೆಟ್ಟು, ಫಿನಾಯಿಲ್ ಎರಡೂ ಇದ್ದೇ ಇರುತ್ತವೆ, ಹಾಗಾಗಿ ಸಿಲಿಕೋನೇ ವಾಸಿ. ಅದನ್ನು ಕೈಗೆ ಗ್ಲೌಸ್ ಹಾಕಿ ತೆಗೆದು, ನಲ್ಲಿಯ ಕೆಳಗೆ ತೊಳೆದು ಮತ್ತೆ ಕೂರಿಸಬಹುದು. ಅದರ ಶತ್ರು ಕೂದಲು, ಬೀಡಿ ತುಂಡು, ಗುಟ್ಕಾ. ತುಟಿಗಳ ನಡುವೆ ಒಂದು ಕೂದಲು ಸಿಕ್ಕರೂ ಅವು ಪೂರ್ತಿ ಕೂಡುವುದಿಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಂಥ ಕಡೆ, ಹಮಾಲರು ಮತ್ತು ಲಾರಿ ಡ್ರೈವರುಗಳು ದಿನವಿಡೀ ಬಂದುಹೋಗುವಲ್ಲಿ, ಬೇಸಿನ್ನಿನ ಮೇಲೆ ಜಾಲರಿ ಇಲ್ಲದೆ ಇದು ಬಾಳುವುದಿಲ್ಲ. ಬಿಳಿ ನುಸಿಗುಳಿಗೆಗಳನ್ನು ಹಾಕುವುದು ಬೇಡ. ವಾಸನೆಯನ್ನು ಇನ್ನೊಂದು ವಾಸನೆಯಿಂದ ಮುಚ್ಚಿ, ಸವೆದ ಮೇಲೆ ತೂತಿಗೆ ಇಳಿಯುವುದಷ್ಟೇ ಅವುಗಳ ಸಾಧನೆ.

ಇಷ್ಟೆಲ್ಲ ಸರಿಯಿದ್ದರೂ ಪೈಪ್ ಕೆಟ್ಟದ್ದಾದರೆ ಮುಗಿಯಿತು. ಪ್ಲಂಬರ್ ಸುಲಭವೆಂದು ಬೇಸಿನ್ನಿನ ಕೆಳಗೆ ಸುಕ್ಕುಸುಕ್ಕಾದ ಬಿಳಿ ಪೈಪು ಹಾಕಲು ನೋಡುತ್ತಾನೆ. ಪ್ರತಿ ಸುಕ್ಕಿನಲ್ಲೂ ಮೂತ್ರ ನಿಂತು ಹರಳಾಗುತ್ತದೆ. ನುಣುಪು ಪಿವಿಸಿ, ಅದೂ ಎರಡಿಂಚಿನದು, ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಇರಲಿ. ತಾಮ್ರ ಬೇಡ, ಮೂತ್ರ ಅದನ್ನು ತಿನ್ನುತ್ತದೆ. ಕೈತೊಳೆಯುವ ಬೇಸಿನ್ನಿನ ಹೊರಪೈಪು ಯೂರಿನಲ್ಲಿನ ಮೇಲ್ಗಡೆಯಿಂದ ಬಂದು ಅದೇ ಲೈನಿಗೆ ಸೇರುವಂತೆ ಮಾಡಿಸಿ. ಆಗ ಕೈ ತೊಳೆದ ನೀರೆಲ್ಲ ಮೂತ್ರದ ಲೈನನ್ನೂ ತೊಳೆಯುತ್ತ ಹೋಗುತ್ತದೆ, ಅದಕ್ಕೆಂದು ಬೇರೆ ನೀರು ಬಿಡಬೇಕಾಗಿಲ್ಲ. ಎಣ್ಣೆಯದಲ್ಲದ ಯೂರಿನಲ್ಲಾದರೆ ವಾರಕ್ಕೊಮ್ಮೆ ವಾಲ್ವ್ ತೆಗೆದು ಒಂದು ಬಕೆಟ್ ನೀರು ರಭಸವಾಗಿ ಸುರಿಯುವುದೂ ಒಳ್ಳೆಯದು.

ನೀರು ಬೆರೆಯದ ಮೂತ್ರವನ್ನು ಚರಂಡಿಗೆ ಬಿಡಲೇಬೇಕೆಂದೂ ಇಲ್ಲ. ನೀರಿನ ವಿಷಯದಲ್ಲಿ ಹೆಸರಾದ ಎಸ್. ವಿಶ್ವನಾಥ್ ಅವರ ವಿದ್ಯಾರಣ್ಯಪುರದ ಮನೆಯ ತಾರಸಿಯಲ್ಲಿ ಇಕೋಸ್ಯಾನ್ ಶೌಚಾಲಯವಿದೆ; ಬೇರೆಯಾಗಿ ಶೇಖರವಾದ ಮೂತ್ರ ತಾರಸಿಯ ಬೆಳೆಗೆ ಗೊಬ್ಬರ. ಜಿಕೆವಿಕೆಯ ಸಂಶೋಧಕರು ಬಾಳೆಗೆ ಇದನ್ನು ಕೊಟ್ಟು ನೋಡಿದ ಫಲಿತಾಂಶ 2009ರಲ್ಲೇ ಪ್ರಕಟವಾಗಿದೆ. ನೀವೂ ಡ್ರಮ್ ಇಡುವುದಾದರೆ ಪೈಪಿನ ತುದಿ ಡ್ರಮ್ಮಿನ ತಳದವರೆಗೆ ಇಳಿದಿರಲಿ, ಮುಚ್ಚಳ ಬಿಗಿಯಿರಲಿ; ಮೇಲಿಂದ ಸುರಿದರೆ ಪ್ರತಿ ಸಲವೂ ಅಮೋನಿಯಾ ಹೊರಗೆ ಬರುತ್ತದೆ.

ವಾಸನೆ ಬಂತೆನ್ನಿ, ಕಾರ್ಟ್ರಿಜ್ ಬದಲಿಸುವ ಮುಂಚೆ ಎಲ್ಲಿಂದ ಬರುತ್ತಿದೆ ನೋಡಿ. ಮೊದಲು ಬೇಸಿನ್ನಿನ ಮುಂದಿನ ನೆಲವನ್ನು ತೊಳೆದು ಒಣಗಿಸಿ. ಎಷ್ಟೋ ಸಲ ದೋಷವೆಲ್ಲ ಟೈಲ್ಸ್ ಸಂದಿನದೇ ಆಗಿರುತ್ತದೆ. ಹೋಗದಿದ್ದರೆ ಉರಿಯುವ ಅಗರಬತ್ತಿಯನ್ನು ಬೇಸಿನ್ನಿನ ತೂತಿನ ಹತ್ತಿರ ಹಿಡಿಯಿರಿ. ಹೊಗೆ ನೆಟ್ಟಗೆ ಏರಿದರೆ ವಾಲ್ವ್ ಸರಿಯಿದೆ. ತೂತಿನಿಂದ ಊದಿದಂತೆ ಬದಿಗೆ ಸರಿದರೆ ಅದು ಮುಚ್ಚಿಕೊಳ್ಳುತ್ತಿಲ್ಲ. ವಾಸನೆಗಿಂತ ಮೊದಲೇ ಮೂತ್ರ ನಿಧಾನವಾಗಿ ಇಳಿಯುತ್ತಿದ್ದರೆ ಹರಳು ಕಟ್ಟಿದೆ ಎಂದರ್ಥ.

ಹರಳನ್ನು ಕರಗಿಸಲು ನಿಂಬೆ ಉಪ್ಪು ಸಾಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ವಾಲ್ವ್ ತೆಗೆದು, ಬಿಸಿನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪನ್ನು ಪೈಪಿಗೆ ಹೊಯ್ದು, ಬೆಳಿಗ್ಗೆ ನೀರು ಬಿಡಿ. ಬ್ಲೀಚಿಂಗ್ ಪೌಡರನ್ನು ಮಾತ್ರ ಹತ್ತಿರ ತರಬೇಡಿ: ಅದು ಮೂತ್ರದ ಅಮೋನಿಯಾದೊಡನೆ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಮೈನ್ ಅನಿಲ, ಆಸಿಡ್ ಜೊತೆ ಸೇರಿದರೆ ಕ್ಲೋರಿನ್.